ಕೊಟೇಶನ್ ಕೊಟ್ಟು ಎರಡು ವಾರ: ವಿಚಾರಿಸುವ ಮಾತು ಹೇಗಿರಬೇಕು?

ಕೊಟೇಶನ್ ಕೊಟ್ಟ ಎರಡು ವಾರಕ್ಕೆ ಗ್ರಾಹಕರಿಗೆ ಬರೆಯುವ ಸಂದೇಶದ ಉದ್ದೇಶ ಒಂದೇ. ಕೆಲಸ ಬರುತ್ತದೋ, ತಡವಾಗುತ್ತದೋ, ಇಲ್ಲವೇ ಇಲ್ಲವೋ ಎಂಬುದನ್ನು ಎದುರಿನವರಿಗೆ ಮುಜುಗರವಾಗದಂತೆ ತಿಳಿದುಕೊಳ್ಳುವುದು. ಕೆಲಸ ಗಿಟ್ಟಿಸುವ ಭಾರವನ್ನೂ ಅದರ ಮೇಲೆ ಹೊರಿಸಿದರೆ ಸಂದೇಶ ಉದ್ದವಾಗುತ್ತದೆ, ಹೊಗಳಿಕೆ ಸೇರುತ್ತದೆ, ರಿಯಾಯಿತಿಯ ಆಮಿಷ ಬರುತ್ತದೆ. ಅಷ್ಟು ಹೊತ್ತಿಗೆ ಓದುವವರು ಫೋನನ್ನು ಮಗುಚಿಟ್ಟಿರುತ್ತಾರೆ.

ಮೈಸೂರಿನಂಥ ಊರಿನಲ್ಲಿ ಮಾಡ್ಯುಲರ್ ಕಿಚನ್ ಮಾಡಿಕೊಡುವ ಒಂದು ಸಣ್ಣ ವರ್ಕ್‌ಶಾಪನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹೊಸ ಮನೆ ಕಟ್ಟಿಸುತ್ತಿರುವ ಕುಟುಂಬವೊಂದು ಕರೆಸಿ ಅಳತೆ ಕೊಟ್ಟಿದೆ. ಎಲ್ ಆಕಾರದ ಅಡುಗೆಮನೆ, 710 ಗ್ರೇಡಿನ ಪ್ಲೈವುಡ್, ಮೇಲೆ ಲ್ಯಾಮಿನೇಟ್, ಸಾಫ್ಟ್ ಕ್ಲೋಸ್ ಕೀಲುಗಳು. ವರ್ಕ್‌ಶಾಪಿನ ಲೆಕ್ಕದಲ್ಲಿ ಕೆಲಸದ ಬೆಲೆ 2,40,000 ರೂಪಾಯಿ, ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ 43,200, ಒಟ್ಟು 2,83,200. ಈ ದರ 30 ದಿನಗಳ ಮಟ್ಟಿಗೆ ಮಾತ್ರ ಎಂದು ಕೆಳಗೆ ಬರೆದಿದೆ. ತಿಂಗಳ 3ನೇ ತಾರೀಖು ಪಿಡಿಎಫ್ ವಾಟ್ಸಾಪ್‌ನಲ್ಲಿ ಹೋಗಿದೆ. ಅದೇ ದಿನ ಸಂಜೆ ‘ಥ್ಯಾಂಕ್ಸ್, ನೋಡಿ ಹೇಳ್ತೀವಿ’ ಎಂಬ ಉತ್ತರ ಬಂದಿದೆ. ಈಗ 17ನೇ ತಾರೀಖು. ಆಮೇಲೆ ಸದ್ದಿಲ್ಲ.

ಈ ಮೌನದ ಹಿಂದೆ ಏನಿರಬಹುದು ಎಂಬ ಅಂದಾಜಿಲ್ಲದೆ ಸಂದೇಶ ಬರೆಯುವುದು ಕಣ್ಣು ಕಟ್ಟಿಕೊಂಡು ಆಣಿ ಹೊಡೆದಂತೆ. ಅಡುಗೆಮನೆಯ ವಿಷಯದಲ್ಲಿ ನಿರ್ಧಾರ ಒಬ್ಬರದಲ್ಲ. ಫೋನ್ ನಂಬರ್ ಗಂಡನದು, ಅಡುಗೆಮನೆ ಹೆಂಡತಿಯದು, ಹಣದ ಮಾತು ಅಪ್ಪನದು ಎಂಬಂಥ ಮನೆಗಳೇ ಹೆಚ್ಚು. ಮೂರೂ ಜನ ಒಂದು ಭಾನುವಾರ ಒಟ್ಟಿಗೆ ಕೂತರೆ ಮಾತ್ರ ಪಿಡಿಎಫ್ ತೆರೆಯುತ್ತದೆ. ಗೃಹಸಾಲದ ಮುಂದಿನ ಕಂತು ಬ್ಯಾಂಕಿನಿಂದ ಬಂದಿರುವುದಿಲ್ಲ. ಟೈಲ್ಸ್ ಹಾಕುವವನು ಕೈಕೊಟ್ಟಿರುತ್ತಾನೆ. ಕರ್ನಾಟಕದಲ್ಲಿ ಇದರ ಜೊತೆಗೆ ಪಂಚಾಂಗವೂ ಇದೆ. ಆಷಾಢದಲ್ಲಿ ಹಲವರು ಹೊಸ ಕೆಲಸಕ್ಕೆ ಮುಂಗಡ ಕೊಡುವುದಿಲ್ಲ. ಪಿತೃಪಕ್ಷದಲ್ಲಿ ಮಾತೇ ಎತ್ತುವುದಿಲ್ಲ, ಮತ್ತು ಪಿತೃಪಕ್ಷವೆಂದರೆ ಸರಿಯಾಗಿ ಒಂದು ಪಕ್ಷ, ಹೆಚ್ಚುಕಡಿಮೆ ಎರಡು ವಾರ. ಭಾದ್ರಪದ ಹುಣ್ಣಿಮೆಯ ಹೊತ್ತಿಗೆ ಕೊಟೇಶನ್ ಕಳಿಸಿದವರು ಮಹಾಲಯ ಅಮಾವಾಸ್ಯೆವರೆಗಿನ ಮೌನವನ್ನು ನಿರಾಕರಣೆ ಎಂದು ಓದಿದರೆ ತಪ್ಪು ಅವರದೇ. ಧನುರ್ಮಾಸದ ಮಾತೂ ಇದೇ. ಅಂಥ ದಿನಗಳಲ್ಲಿ ಎರಡು ವಾರದ ಲೆಕ್ಕವನ್ನು ಬದಿಗಿಟ್ಟು, ಅವಧಿ ಮುಗಿದ ಮೂರನೇ ದಿನ ಬರೆಯುವುದು ಜಾಣತನ.

ಇನ್ನೊಂದು ಕಾರಣ ಕೊಟೇಶನ್‌ನಲ್ಲೇ ಇರಬಹುದು. 2,40,000 ಎಂದು ದಪ್ಪಕ್ಷರದಲ್ಲಿ ಓದಿಕೊಂಡ ಮನೆಯವರು ಕೆಳಗಿನ ಸಾಲಿನಲ್ಲಿ ಜಿಎಸ್‌ಟಿ ಕಂಡು ಬೆಚ್ಚಿರುತ್ತಾರೆ. ಅಥವಾ ತೆರಿಗೆಯನ್ನು ಬೇರೆ ತೋರಿಸದ ಇನ್ನೊಬ್ಬರ ಅಂದಾಜಿನ ಪಕ್ಕ ಇದನ್ನಿಟ್ಟು ‘ಇವರದು ನಲವತ್ತು ಸಾವಿರ ಜಾಸ್ತಿ’ ಎಂದು ತೀರ್ಮಾನಿಸಿರುತ್ತಾರೆ. ಪ್ಲೈವುಡ್ ಯಾವ ಗ್ರೇಡಿನದು ಎಂಬುದನ್ನು ಹೋಲಿಸಿ ನೋಡಲು ಅವರಿಗೆ ಗೊತ್ತಿರುವುದಿಲ್ಲ, ಗೊತ್ತಿಲ್ಲವೆಂದು ಕೇಳಲು ಸಂಕೋಚ.

ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ ಮತ್ತೊಂದಿದೆ. ಕೆಲಸ ಬೇರೆಯವರ ಪಾಲಾಗಿದೆ, ಅದನ್ನು ಹೇಳಲು ಬಾಯಿ ಬರುತ್ತಿಲ್ಲ. ಮನೆಗೆ ಬಂದು ಅಳತೆ ತೆಗೆದುಕೊಂಡು ಕಾಫಿ ಕುಡಿದು ಹೋದವರಿಗೆ ‘ಬೇಡ’ ಎನ್ನುವುದು ನಮ್ಮಲ್ಲಿ ಕಷ್ಟದ ಮಾತು. ಅದಕ್ಕಿಂತ ಸುಮ್ಮನಿರುವುದೇ ಮರ್ಯಾದೆ ಎಂದು ಬಹಳ ಜನ ಪ್ರಾಮಾಣಿಕವಾಗಿ ನಂಬಿದ್ದಾರೆ. ಅಂದಮೇಲೆ ವಿಚಾರಿಸುವ ಸಂದೇಶ ಮಾಡಬೇಕಾದ ದೊಡ್ಡ ಉಪಕಾರವೆಂದರೆ ‘ಬೇಡ’ ಎನ್ನುವುದನ್ನು ಅವರಿಗೆ ಸುಲಭ ಮಾಡಿಕೊಡುವುದು.

ವಾಟ್ಸಾಪ್‌ನ ನೀಲಿ ಗೆರೆಗಳನ್ನು ಪುರಾವೆಯಾಗಿ ಹಿಡಿಯಬಾರದು. ಎರಡು ಗೆರೆ ನೀಲಿಯಾದರೆ ಸಂದೇಶವನ್ನು ತೆರೆದಿದ್ದಾರೆ ಎಂದಷ್ಟೇ ಅರ್ಥ, ಪಿಡಿಎಫ್ ಓದಿದ್ದಾರೆ ಎಂದಲ್ಲ. ಓದಿದ ಗುರುತು ಕಾಣದಂತೆ ಸೆಟ್ಟಿಂಗ್ಸ್ ಬದಲಿಸಿಕೊಂಡವರಿಗೆ ಗೆರೆಗಳು ನೀಲಿಯಾಗುವುದೇ ಇಲ್ಲ. ‘ನೀವು ನೋಡಿದ್ದೀರಿ ಅಂತ ಕಾಣ್ತಿದೆ’ ಎಂದು ಬರೆಯುವುದು ಕಿಟಕಿಯಲ್ಲಿ ಇಣುಕಿ ‘ಮನೆಯಲ್ಲೇ ಇದ್ದೀರಲ್ಲ’ ಎಂದಂತೆ.

ಇನ್ನು ಮಾತಿಗೆ ಬರೋಣ. ಕನ್ನಡದಲ್ಲಿ ಒರಟುತನ ಬೈಗುಳದಿಂದ ಬರುವುದಕ್ಕಿಂತ ಸಣ್ಣ ಸಣ್ಣ ಪದಗಳಿಂದ ಬರುವುದೇ ಹೆಚ್ಚು. ‘ಎರಡು ವಾರ ಆಯ್ತು, ನೀವು ಇನ್ನೂ ಉತ್ತರ ಕೊಟ್ಟಿಲ್ಲ’ ಎಂಬ ವಾಕ್ಯದಲ್ಲಿ ಸುಳ್ಳಿಲ್ಲ, ಅಸಭ್ಯ ಪದವೂ ಇಲ್ಲ. ಆದರೆ ‘ಇನ್ನೂ’ ಎಂಬ ಎರಡಕ್ಷರ ಇಡೀ ವಾಕ್ಯವನ್ನು ದೂರು ಮಾಡುತ್ತದೆ. ‘ಎರಡು ವಾರ ಆಯ್ತು’ ಎಂಬ ಎಣಿಕೆ ಸಾಲ ವಸೂಲಿಯ ಧಾಟಿ. ‘ನೀವು ಕೊಟ್ಟಿಲ್ಲ’ ಎಂಬಲ್ಲಿ ಗ್ರಾಹಕರೇ ಕರ್ತೃ, ತಪ್ಪೂ ಅವರದೇ. ‘ಯಾಕೆ ಏನೂ ಹೇಳಲಿಲ್ಲ?’ ಎಂದು ಕೇಳಿದರಂತೂ ಮುಗಿಯಿತು. ‘ಯಾಕೆ’ ಎಂಬ ಪ್ರಶ್ನೆಗೆ ಕಾರಣ ಕೊಡಬೇಕು, ಕಾರಣ ಕೊಡಲು ಇಷ್ಟವಿಲ್ಲದೆಯೇ ಅವರು ಸುಮ್ಮನಿರುವುದು.

ಇದಕ್ಕೆ ಮದ್ದು ಸರಳ. ವಾಕ್ಯದ ಕರ್ತೃವಿನ ಜಾಗದಲ್ಲಿ ಮನುಷ್ಯರ ಬದಲು ಕೊಟೇಶನ್ ಅನ್ನು ಕೂರಿಸಬೇಕು. ‘ನೀವು ನೋಡಿದಿರಾ?’ ಎನ್ನುವ ಬದಲು ‘3ನೇ ತಾರೀಖು ಕಳಿಸಿದ ಕೊಟೇಶನ್ ಸರಿಯಾಗಿ ಬಂತಾ?’ ಎಂದರೆ ವಿಚಾರಣೆ ಕಾಗದದ ಮೇಲೆ ನಡೆಯುತ್ತದೆ. ವಾರದ ಎಣಿಕೆಯ ಬದಲು ತಾರೀಖು ಹೇಳಿದರೆ ಅದು ದೂರಾಗದೆ ಹುಡುಕಲು ಗುರುತಾಗುತ್ತದೆ. ಆಜ್ಞೆಯ ರೂಪದ ಕ್ರಿಯಾಪದಕ್ಕಿಂತ ‘ರೆ’ ಪ್ರತ್ಯಯದ ರೂಪ ಮೆದುವಾದದ್ದು. ‘ಬೇಗ ತಿಳಿಸಿ’ ಎಂಬುದಕ್ಕೂ ‘ಬಿಡುವಾದಾಗ ತಿಳಿಸಿದರೆ ಅನುಕೂಲ’ ಎಂಬುದಕ್ಕೂ ಇರುವ ಅಂತರ ಕಿವಿಗೇ ಗೊತ್ತಾಗುತ್ತದೆ.

‘ದಯವಿಟ್ಟು’ ಎಂಬ ಪದದ ವಿಷಯದಲ್ಲಿ ಎಚ್ಚರ ಬೇಕು. ಅದು ಸೇರಿದ ಮಾತ್ರಕ್ಕೆ ವಾಕ್ಯ ಸೌಜನ್ಯದ್ದಾಗುವುದಿಲ್ಲ. ‘ದಯವಿಟ್ಟು ಶೀಘ್ರವಾಗಿ ಪ್ರತಿಕ್ರಿಯಿಸಿ’ ಎಂದು ಯಾರೂ ಮಾತನಾಡುವುದಿಲ್ಲ. ಅದು ಬ್ಯಾಂಕಿನ ನೋಟಿಸಿನ ಕನ್ನಡ, ಓದಿದವರಿಗೆ ಕಂತು ಬಾಕಿ ಇರುವ ಭಾವನೆ ಬರುತ್ತದೆ. ‘ತಮ್ಮ ಅಮೂಲ್ಯ ಅಭಿಪ್ರಾಯ’, ‘ಸಕಾರಾತ್ಮಕ ಪ್ರತಿಕ್ರಿಯೆಯ ನಿರೀಕ್ಷೆಯಲ್ಲಿ’ ಮೊದಲಾದವೂ ಇದೇ ಜಾತಿ. ಕಚೇರಿ ಇಂಗ್ಲಿಷಿನ ಸಿದ್ಧ ಸಾಲುಗಳನ್ನು ಕನ್ನಡಕ್ಕೆ ಇಳಿಸಿ ‘ಒಂದು ಸಣ್ಣ ಜ್ಞಾಪನೆ’ ಎಂದು ಶುರುಮಾಡುವ ಅಭ್ಯಾಸವೂ ಈಚೆಗೆ ಬಂದಿದೆ. ಜ್ಞಾಪಿಸುವುದು ಮರೆತವರಿಗೆ. ಮರೆತಿದ್ದೀರಿ ಎಂದು ಹೇಳಿಕೊಂಡೇ ಮಾತು ಆರಂಭಿಸುವುದರಲ್ಲಿ ಏನು ಸೌಜನ್ಯವೋ!

ಒಳ್ಳೆಯ ಸಂದೇಶದಲ್ಲಿ ಯಾರು ಬರೆಯುತ್ತಿದ್ದಾರೆ, ಯಾವ ಕೆಲಸದ ಬಗ್ಗೆ ಎಂಬುದು ಮೊದಲ ಸಾಲಿನಲ್ಲೇ ಇರುತ್ತದೆ. ಮೂರು ಕಡೆ ಕೊಟೇಶನ್ ತರಿಸಿದ ಮನೆಯವರ ಫೋನಿನಲ್ಲಿ ಎಲ್ಲರ ಹೆಸರೂ ‘ಕಿಚನ್’ ಎಂದೇ ಸೇವ್ ಆಗಿರುತ್ತದೆ. ಆಮೇಲೆ ಒಂದೇ ಒಂದು ಪ್ರಶ್ನೆ. ಅದಕ್ಕೆ ಒಂದೆರಡು ಪದದಲ್ಲಿ ಉತ್ತರ ಕೊಡಲು ಬರುವಂತಿರಬೇಕು. ನಂತರ ‘ಬೇಡ’ ಎನ್ನಲು ತೆರೆದ ಬಾಗಿಲು. ಸಾಧ್ಯವಾದರೆ ಗ್ರಾಹಕರಿಗೆ ಉಪಯೋಗವಾಗುವ ಒಂದು ಮಾಹಿತಿ. ಮೇಲಿನ ವರ್ಕ್‌ಶಾಪ್ 17ನೇ ತಾರೀಖು ಹೀಗೆ ಬರೆಯಬಹುದು:

‘ನಮಸ್ಕಾರ ಸರ್. ನಿಮ್ಮ ಹೊಸ ಮನೆ ಅಡುಗೆಮನೆ ಅಳತೆಗೆ ಬಂದಿದ್ವಲ್ಲ, ಆ ವರ್ಕ್‌ಶಾಪಿನಿಂದ. 3ನೇ ತಾರೀಖು ಕೊಟೇಶನ್ ಕಳಿಸಿದ್ವಿ. ಜಿಎಸ್‌ಟಿ ಸೇರಿ ಒಟ್ಟು 2,83,200 ಆಗುತ್ತೆ. ಅದು ಪಿಡಿಎಫ್‌ನಲ್ಲಿ ಕೊನೇ ಸಾಲಲ್ಲಿದೆ, ಅದಕ್ಕೇ ಇಲ್ಲಿ ಹೇಳ್ತಿದೀವಿ. ಮನೆಯಲ್ಲಿ ನೋಡೋಕೆ ಇನ್ನಷ್ಟು ದಿನ ಬೇಕಿದ್ರೆ ತೊಂದರೆ ಇಲ್ಲ. ಬೇರೆ ಕಡೆ ಮಾತಾಗಿದ್ರೂ ಬೇಜಾರಿಲ್ಲ, ಒಂದು ಮಾತು ಹೇಳಿದ್ರೆ ಸಾಕು. ಮುಂದಿನ ತಿಂಗಳ ಕೆಲಸಕ್ಕೆ ದಿನ ಹಾಕಿಕೊಳ್ತಾ ಇದೀವಿ, ನಿಮ್ಮದಕ್ಕೆ ಜಾಗ ಇಟ್ಕೊಳ್ಳಬೇಕಾ?’

ಇದರಲ್ಲಿ ಪ್ರತಿ ಸಾಲಿಗೂ ಕೆಲಸವಿದೆ. ಒಟ್ಟು ಮೊತ್ತ ತಿಳಿಸಿದ್ದು ಗೊಂದಲದಿಂದ ಸುಮ್ಮನಿದ್ದವರಿಗಾಗಿ. ‘ಮನೆಯಲ್ಲಿ’ ಎಂಬ ಪದ ನಿರ್ಧಾರ ಒಬ್ಬರದಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತದೆ, ಫೋನ್ ಹಿಡಿದವರಿಗೆ ಅದೇ ಒಂದು ನೆಪವೂ ಆಗುತ್ತದೆ. ‘ಬೇಜಾರಿಲ್ಲ’ ಎಂಬುದು ಬಾಗಿಲು. ಕೊನೆಯ ಪ್ರಶ್ನೆಗೆ ‘ಹೂಂ’, ‘ಈಗ ಬೇಡ’, ‘ಎರಡು ತಿಂಗಳು ತಡ’ ಎಂಬ ಮೂರರಲ್ಲಿ ಒಂದನ್ನು ಬೆರಳ ತುದಿಯಲ್ಲಿ ಒತ್ತಿಬಿಡಬಹುದು. ಆ ಪ್ರಶ್ನೆ ಒತ್ತಡದ ತಂತ್ರವೂ ಅಲ್ಲ, ಏಕೆಂದರೆ ಸಣ್ಣ ವರ್ಕ್‌ಶಾಪಿಗೆ ನಿಜಕ್ಕೂ ದಿನ ಹೊಂದಿಸಬೇಕಾಗುತ್ತದೆ. ಹಾಗೆ ಹೊಂದಿಸುವ ಅಗತ್ಯವಿಲ್ಲದಿದ್ದರೆ ಆ ಸಾಲನ್ನು ಬರೆಯಬಾರದು. ‘ನಾಳೆಯೊಳಗೆ ಹೇಳದಿದ್ದರೆ ದರ ಏರುತ್ತೆ’ ಎಂಬ ಸುಳ್ಳು ಗಡುವನ್ನು ಗ್ರಾಹಕರು ಸುಲಭವಾಗಿ ಹಿಡಿಯುತ್ತಾರೆ. 30 ದಿನ ಎಂದು ಕೊಟೇಶನ್‌ನಲ್ಲೇ ಬರೆದಿದೆಯಲ್ಲ.

ಧಾಟಿ ಆಡುಮಾತಿನದಾಗಿರುವುದನ್ನೂ ಗಮನಿಸಬೇಕು. ಅಳತೆಗೆ ಹೋದಾಗ ‘ಬನ್ನಿ ಕೂತ್ಕೊಳಿ’ ಎಂದು ಮಾತಾಡಿದವರಿಗೆ ಗ್ರಂಥಸ್ಥ ಕನ್ನಡದಲ್ಲಿ ಬರೆದರೆ ಮುನಿಸಿಕೊಂಡಂತೆ ಕಾಣುತ್ತದೆ. ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಇದೇ ಸಂದೇಶದಲ್ಲಿ ‘ರೀ’ ಸೇರುತ್ತದೆ: ‘ಕೊಟೇಶನ್ ನೋಡೂದು ಆತೇನ್ರೀ? ಬ್ಯಾರೆ ಕಡೆ ಆಗಿದ್ರೂ ಏನಿಲ್ರೀ, ಒಂದ್ ಮಾತ್ ಹೇಳ್ರಿ.’ ಅಲ್ಲಿ ‘ರೀ’ ಒಂದಿದ್ದರೆ ‘ದಯವಿಟ್ಟು’ವಿನ ಅಗತ್ಯ ಬೀಳುವುದೇ ಇಲ್ಲ. ಮಾತು ಶುರುವಾದದ್ದು ಮನೆಯೊಡತಿಯ ಜೊತೆಗಾದರೆ ಸಂದೇಶವೂ ಅವರಿಗೇ ‘ಮೇಡಂ’ ಎಂದು ಹೋಗಬೇಕು. ಅವರನ್ನು ದಾಟಿ ಗಂಡನಿಗೆ ಕಳಿಸಿದರೆ ಕೆಲಸ ಅಲ್ಲಿಗೆ ಹೋಯಿತೆಂದೇ ಲೆಕ್ಕ.

ಗ್ರಾಹಕರು ಶಾಲೆ, ಟ್ರಸ್ಟ್, ಕಂಪನಿ ಮುಂತಾದ ಸಂಸ್ಥೆಗಳಾದರೆ ಲೆಕ್ಕ ಬೇರೆ. ಅಲ್ಲಿ ಕೊಟೇಶನ್ ಮೂರು ದರಪಟ್ಟಿಗಳಲ್ಲಿ ಒಂದಾಗಿ ಫೈಲಿಗೆ ಸೇರಿರುತ್ತದೆ, ಸಮಿತಿ ಕೂರುವ ದಿನ ಮಾತ್ರ ಹೊರಬರುತ್ತದೆ. ‘ಏನು ತೀರ್ಮಾನ ಮಾಡಿದಿರಿ?’ ಎಂಬ ಪ್ರಶ್ನೆಗೆ ಉತ್ತರಿಸುವ ಅಧಿಕಾರವೇ ಇಮೇಲ್ ಓದುವ ಗುಮಾಸ್ತರಿಗೆ ಇರುವುದಿಲ್ಲ. ಅವರಿಗೆ ಗೊತ್ತಿರುವುದನ್ನೇ ಕೇಳಬೇಕು: ‘ನಮ್ಮ 3ನೇ ತಾರೀಖಿನ ದರಪಟ್ಟಿ ತಮ್ಮ ಕಡತಕ್ಕೆ ಸೇರಿದೆಯೇ, ಇನ್ನಾವುದಾದರೂ ದಾಖಲೆ ಬೇಕಿದೆಯೇ, ಪರಿಶೀಲನೆ ಯಾವ ವಾರ ಆಗಬಹುದು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.’ ಇಲ್ಲಿ ‘ತಾವು’, ‘ಉಪಕಾರ’ ಎರಡೂ ಸಲ್ಲುತ್ತವೆ. ಹಳೆಯ ಇಮೇಲ್‌ಗೇ ಉತ್ತರವಾಗಿ ಬರೆದು ದರಪಟ್ಟಿಯನ್ನು ಮತ್ತೆ ಲಗತ್ತಿಸಿದರೆ ಹುಡುಕುವ ಶ್ರಮವೂ ತಪ್ಪುತ್ತದೆ. ಸರ್ಕಾರಿ ಟೆಂಡರುಗಳಿಗೆ ಮಾತ್ರ ಈ ಯಾವ ಮಾತೂ ಅನ್ವಯಿಸುವುದಿಲ್ಲ. ಬಿಡ್ ಪರಿಶೀಲನೆಯಲ್ಲಿರುವಾಗ ಬಿಡ್‌ದಾರರು ತಾವಾಗಿ ಅಧಿಕಾರಿಯನ್ನು ಸಂಪರ್ಕಿಸುವುದು ಬಿಡ್‌ಗೇ ಮುಳುವಾಗಬಹುದು.

ಉತ್ತರ ಬಂದಾಗ ಅದನ್ನು ಓದುವುದೂ ಒಂದು ಕಲೆ. ‘ನೋಡೋಣ’ ಎಂದು ಒಂದೇ ಪದ ಬಂದರೆ ಬಹುಪಾಲು ಅದು ಬೇಡ ಎಂಬುದರ ಮರ್ಯಾದೆಯ ರೂಪ. ‘ಹೇಳ್ತೀವಿ’ ಎಂಬುದೂ ಅದರ ತಮ್ಮನೇ. ಅದೇ ‘ದಸರಾ ಆಗ್ಲಿ, ಹೇಳ್ತೀವಿ’ ಎಂದು ಒಂದು ದಿನದ ಗುರುತು ಸೇರಿ ಬಂದರೆ ಅದು ನಿಜವಾದ ಮಾತು. ದಸರೆಯವರೆಗೆ ಮತ್ತೆ ಕೆಣಕಬಾರದು, ದಸರೆ ಮುಗಿದ ವಾರ ‘ನೀವು ಹೇಳಿದ್ರಲ್ಲ, ಅದಕ್ಕೇ ಕೇಳಿದೆ’ ಎಂದು ಧೈರ್ಯವಾಗಿ ವಿಚಾರಿಸಬಹುದು. ಅತ್ಯಂತ ಒಳ್ಳೆಯ ಉತ್ತರವೆಂದರೆ ದೂರು: ‘ಸ್ವಲ್ಪ ಜಾಸ್ತಿ ಆಯ್ತು.’ ಕೆಲಸ ಕೊಡುವ ಮನಸ್ಸಿಲ್ಲದವರು ದರದ ಚೌಕಾಸಿಗೆ ಇಳಿಯುವುದು ಕಡಿಮೆ.

ಆಗ ತಟ್ಟನೆ ‘ಇಪ್ಪತ್ತು ಸಾವಿರ ಬಿಡ್ತೀವಿ’ ಎಂದುಬಿಡುವುದು ದೊಡ್ಡ ತಪ್ಪು. ಹಾಗಿದ್ದರೆ ಮೊದಲು ಇಪ್ಪತ್ತು ಸಾವಿರ ಹೆಚ್ಚು ಹಾಕಿದ್ದರು ಎಂದೇ ಗ್ರಾಹಕರು ಓದಿಕೊಳ್ಳುತ್ತಾರೆ, ಇನ್ನೂ ಇಪ್ಪತ್ತು ಇಳಿಯುತ್ತದೆಂದು ಕಾಯುತ್ತಾರೆ. ಬೆಲೆ ಇಳಿಸುವ ಬದಲು ಕೆಲಸವನ್ನು ಇಳಿಸಬೇಕು. ‘ಸಿಂಕ್ ಕೆಳಗಿನ ಭಾಗಕ್ಕೆ ಈಗಿರುವ 710 ಪ್ಲೈವುಡ್ಡನ್ನೇ ಇಟ್ಟು, ನೀರು ತಾಕದ ಮೇಲಿನ ಕಪಾಟುಗಳಿಗೆ ಕೆಳಗಿನ ಗ್ರೇಡ್ ಹಾಕಿದರೆ ಎಷ್ಟಾಗುತ್ತೆ ಅಂತ ಬೇರೆ ಲೆಕ್ಕ ಮಾಡಿ ಕಳಿಸಲಾ?’ ಎಂಬುದು ಸಭ್ಯವೂ ಹೌದು, ಪ್ರಾಮಾಣಿಕವೂ ಹೌದು. ಯಾವುದನ್ನು ಬಿಟ್ಟರೆ ಎಷ್ಟು ಉಳಿಯುತ್ತದೆ ಎಂಬುದು ಮನೆಯವರಿಗೆ ಕಣ್ಣಿಗೆ ಕಾಣುತ್ತದೆ. ಇಲ್ಲಿ ಒಂದು ಮಾತು ಸೇರಿಸಬೇಕು. ಮೊದಲ ವಿಚಾರಣೆಯ ಸಂದೇಶದಲ್ಲೇ, ಯಾರೂ ಕೇಳದಿರುವಾಗ, ಈ ಪ್ರಸ್ತಾಪ ಮಾಡುವುದು ಅವಸರವಾಗುತ್ತದೆ. ಮೌನಕ್ಕೆ ದರವೇ ಕಾರಣ ಎಂಬುದು ಇನ್ನೂ ಗೊತ್ತಾಗಿರುವುದಿಲ್ಲ.

17ರ ಸಂದೇಶಕ್ಕೂ ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಒಂದು ಫೋನ್ ಮಾಡಬಹುದು, ಒಂದೇ ಒಂದು. ಬೆಳಗಿನ ಆಫೀಸು, ಸ್ಕೂಲಿನ ಗಡಿಬಿಡಿ ಮುಗಿದ ಮೇಲೆ, ರಾತ್ರಿ ಊಟದ ಹೊತ್ತಿಗೆ ಮೊದಲು. ಮೊದಲ ಮಾತು ‘ಈಗ ಎರಡು ನಿಮಿಷ ಮಾತಾಡಬಹುದಾ ಸರ್?’ ಎಂದಿರಲಿ. ಕರೆ ಎತ್ತದಿದ್ದರೆ ಮತ್ತೆ ಮತ್ತೆ ಒತ್ತಬಾರದು. ನಾಲ್ಕು ಮಿಸ್ಡ್ ಕಾಲ್ ಕಂಡವರು ಐದನೆಯದನ್ನು ಎತ್ತುವುದಿಲ್ಲ, ನಂಬರ್ ಬ್ಲಾಕ್ ಮಾಡುತ್ತಾರೆ.

ಆಮೇಲೆ ಉಳಿಯುವುದು ಮುಕ್ತಾಯದ ಸಂದೇಶ. ಇದನ್ನು ಹೆಚ್ಚಿನವರು ಬರೆಯುವುದೇ ಇಲ್ಲ, ಸುಮ್ಮನೆ ಮರೆತುಬಿಡುತ್ತಾರೆ. ಆದರೆ ಕೊಟೇಶನ್‌ನ ಅವಧಿ ಮುಗಿಯುವ ಎರಡು ದಿನ ಮುಂಚೆ ಹೋಗುವ ಈ ಸಂದೇಶವೇ ಹಲವು ಸಲ ಉತ್ತರ ತರುತ್ತದೆ, ಏಕೆಂದರೆ ಅದು ಏನನ್ನೂ ಕೇಳುವುದಿಲ್ಲ:

‘ನಮಸ್ಕಾರ ಸರ್. ಅಡುಗೆಮನೆ ಕೊಟೇಶನ್‌ನ 30 ದಿನ ನಾಡಿದ್ದಿಗೆ ಮುಗಿಯುತ್ತೆ. ಸದ್ಯಕ್ಕೆ ಬೇಡ ಅಂತ ತಿಳ್ಕೊಂಡು ನಮ್ಮ ಪಟ್ಟಿಯಿಂದ ತೆಗೆದಿಡ್ತೀವಿ. ಅಳತೆ ನಮ್ಮ ಹತ್ರ ಇರುತ್ತೆ. ಮುಂದೆ ಯಾವಾಗ ಬೇಕಾದ್ರೂ ಆಗಿನ ದರಕ್ಕೆ ಹೊಸ ಲೆಕ್ಕ ಕೊಡ್ತೀವಿ. ಗೃಹಪ್ರವೇಶ ಚೆನ್ನಾಗಿ ಆಗ್ಲಿ.’

ಇದರಲ್ಲಿ ಚುಚ್ಚುಮಾತಿನ ನೆರಳೂ ಇರಬಾರದು. ‘ಪರವಾಗಿಲ್ಲ ಬಿಡಿ’ ಎಂದು ಬರೆದರೆ ಪರವಾಗಿದೆ ಎಂದೇ ಅರ್ಥ. ‘ಎರಡು ಸಲ ಕೇಳಿದ್ವಿ’ ಎಂಬ ಲೆಕ್ಕವೂ ಬೇಡ.

ಮುಕ್ತಾಯದ ಮಾತಿನಲ್ಲಿ ಕೆಲವರು ಇದರ ತದ್ವಿರುದ್ಧ ಮಾಡುತ್ತಾರೆ. ‘ಉತ್ತರ ಬರದಿದ್ದರೆ ನಿಮ್ಮ ಒಪ್ಪಿಗೆ ಇದೆ ಎಂದು ತಿಳಿದು ಸಾಮಾನು ತರಿಸುತ್ತೇವೆ’ ಎಂದು ಬರೆಯುತ್ತಾರೆ. ಇದು ಒರಟು ಮಾತ್ರವಲ್ಲ, ಕಾನೂನಿನಲ್ಲಿ ನಿಲ್ಲುವುದೂ ಇಲ್ಲ. 1862ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಒಂದು ಕುದುರೆಯ ಮೊಕದ್ದಮೆ ಬಂದಿತ್ತು. ಫೆಲ್ಟ್‌ಹೌಸ್ ಎಂಬಾತ ತನ್ನ ಸಹೋದರನ ಮಗನ ಕುದುರೆಗೆ ಒಂದು ಬೆಲೆ ಹೇಳಿ, ಮತ್ತೇನೂ ಸುದ್ದಿ ಬರದಿದ್ದರೆ ಕುದುರೆ ನನ್ನದೆಂದು ತಿಳಿಯುತ್ತೇನೆ ಎಂದು ಕಾಗದ ಬರೆದಿದ್ದ. ಉತ್ತರ ಬರಲಿಲ್ಲ. ಹರಾಜುಗಾರ ಬಿಂಡ್ಲೆ ಅದನ್ನು ಬೇರೆಯವರಿಗೆ ಮಾರಿಬಿಟ್ಟ. ಕುದುರೆ ತನ್ನದೆಂದು ಫೆಲ್ಟ್‌ಹೌಸ್ ಹೂಡಿದ ದಾವೆ ಗೆಲ್ಲಲಿಲ್ಲ. ಸುಮ್ಮನಿದ್ದವನ ಮೇಲೆ ಒಪ್ಪಿಗೆಯನ್ನು ಹೇರಲು ಬರುವುದಿಲ್ಲ ಎಂದಾಯಿತು. ಇಂದಿಗೂ ಕಾನೂನು ವಿದ್ಯಾರ್ಥಿಗಳು ಈ ಕುದುರೆಯನ್ನು ಓದಿಯೇ ಮುಂದೆ ಹೋಗುತ್ತಾರೆ.

ಭಾರತದ 1872ರ ಕರಾರು ಅಧಿನಿಯಮದ 6ನೇ ಪ್ರಕರಣ ಇನ್ನೊಂದು ಮಗ್ಗುಲನ್ನು ಹೇಳುತ್ತದೆ. ಒಪ್ಪಿಕೊಳ್ಳಲು ಅವಧಿ ಗೊತ್ತುಮಾಡಿದ ಪ್ರಸ್ತಾಪ ಆ ಅವಧಿ ಮುಗಿದಾಗ ತಾನಾಗಿಯೇ ಬಿದ್ದುಹೋಗುತ್ತದೆ. ಅವಧಿ ಹೇಳಿರದಿದ್ದರೆ ಸಮಂಜಸವಾದ ಕಾಲ ಕಳೆದ ಮೇಲೆ. ಆ ‘ಸಮಂಜಸ’ ಎಷ್ಟು ದಿನ ಎಂಬುದು ವ್ಯಾಜ್ಯಕ್ಕೆ ಎಡೆಯಾಗುವ ಮಾತು. ಆದ್ದರಿಂದ ಅವಧಿಯ ಸಾಲಿಲ್ಲದ ಕೊಟೇಶನ್‌ನ ಬೆನ್ನಿಗೆ ಎಷ್ಟೇ ಮೆದುವಾದ ಸಂದೇಶ ಕಳಿಸಿದರೂ ಅದಕ್ಕೆ ಒಂದು ಕೊನೆಯ ದಿನ ಸಿಗುವುದಿಲ್ಲ. ಆರು ತಿಂಗಳ ಮೇಲೆ ಅದೇ ಮನೆಯವರು ಫೋನ್ ಮಾಡಿ ‘ಕೆಲಸ ಶುರುಮಾಡಿ’ ಎಂದಾಗ, ಅವರ ಕೈಯಲ್ಲಿರುವುದು 2,83,200ರ ಹಳೆಯ ಪಿಡಿಎಫ್ ಆಗಿರುತ್ತದೆ. 30 ದಿನ ಎಂದು ಬರೆದಿದ್ದ ವರ್ಕ್‌ಶಾಪ್ ಆಗ ಹೊಸ ತಾರೀಖಿನ ಹೊಸ ಕೊಟೇಶನ್ ಕಳಿಸುತ್ತದೆ. ಬರೆಯದಿದ್ದ ವರ್ಕ್‌ಶಾಪ್ ಹಳೆಯ ದರಕ್ಕೆ ವಾದಕ್ಕೆ ನಿಲ್ಲುತ್ತದೆ.